ಓದುಗರ ಪ್ರಶ್ನೆ: ವಜಾ ರದ್ದಾಯಿತು, ಆದರೆ ಆದೇಶದಲ್ಲಿ ಸಂಬಳದ ಮಾತೇ ಇಲ್ಲ. ಈಗ ಏನು ಮಾಡಬೇಕು?

ಪ್ರಶ್ನೆ: ನಾನು ಕೇಂದ್ರ ಸರ್ಕಾರದ ಇಲಾಖೆಯೊಂದರಲ್ಲಿ ಗುಮಾಸ್ತ. 2022ರ ಆಗಸ್ಟ್ 8ರಂದು ಅಮಾನತುಗೊಳಿಸಿ, ನವೆಂಬರ್ 14ರಂದು ವಜಾ ಮಾಡಿದರು. ದಾಖಲೆ ತಿದ್ದಿದ್ದೇನೆ ಎಂಬುದು ಮುಖ್ಯ ಆರೋಪ, ಲೆಕ್ಕವನ್ನು ತಡವಾಗಿ ಬರೆದಿದ್ದೇನೆ ಎಂಬುದು ಇನ್ನೊಂದು. ಮೇಲ್ಮನವಿಯಲ್ಲಿ ಮೊದಲನೆಯದು ಸಾಬೀತಾಗಿಲ್ಲ ಎಂದಾಯಿತು. ಎರಡನೆಯದಕ್ಕೆ ಒಂದು ವರ್ಷದ ವೇತನ ಬಡ್ತಿ ತಡೆಹಿಡಿದು ವಜಾ ರದ್ದು ಮಾಡಿದರು. ಆದೇಶದ ದಿನಾಂಕ 2025ರ ಫೆಬ್ರುವರಿ 11, ನನ್ನ ಕೈಸೇರಿದ್ದು 19ಕ್ಕೆ. ‘ತಕ್ಷಣದಿಂದ ಸೇವೆಗೆ ಮರಳಿ ಸೇರಿಸಿಕೊಳ್ಳಲಾಗಿದೆ, ಗೈರುಹಾಜರಿಯ ಅವಧಿಯನ್ನು ಪ್ರತ್ಯೇಕವಾಗಿ ತೀರ್ಮಾನಿಸಲಾಗುವುದು’ ಎಂದಷ್ಟೇ ಇದೆ. ಹೀಗೇ ಹೋಗಿ ಸೇರಿದರೆ ಎರಡೂವರೆ ವರ್ಷದ ಸಂಬಳದ ಹಕ್ಕು ಹೋಗುತ್ತದೆಯೇ?

ಉತ್ತರ: ಹೋಗುವುದಿಲ್ಲ. ಮೊದಲು ಕೆಲಸಕ್ಕೆ ಹಾಜರಾಗಿ. ಸಂಬಳದ ಪ್ರಶ್ನೆ ಬಗೆಹರಿಯಲಿ ಎಂದು ಮನೆಯಲ್ಲಿ ಕುಳಿತರೆ, ಆ ದಿನಗಳ ಗೈರುಹಾಜರಿಗೆ ನೀವೇ ಹೊಣೆಯಾಗುತ್ತೀರಿ. ಇಲ್ಲಿಯವರೆಗೆ ತಪ್ಪು ಕಚೇರಿಯದಾಗಿತ್ತು, ಅದನ್ನು ನಿಮ್ಮ ತಲೆಗೆ ಎಳೆದುಕೊಳ್ಳಬೇಡಿ.

ಹಾಜರಾಗುವ ಮುನ್ನ ಆದೇಶದ ಕೊನೆಯ ಭಾಗವನ್ನು ಇನ್ನೊಮ್ಮೆ ಓದಿ. ವಜಾ ರದ್ದಾಗಿರುವುದು ಒಂದು, ರದ್ದು ಮಾಡಿ ಮುಂದಿನ ವಿಚಾರಣೆಗೆ ಪ್ರಕರಣ ಹಿಂದಿರುಗಿಸಿರುವುದು ಇನ್ನೊಂದು. ವಜಾ ಆಗುವಾಗ ನೀವು ಅಮಾನತಿನಲ್ಲಿದ್ದಿರಿ. ಪ್ರಕರಣ ವಿಚಾರಣೆಗೆ ಮರಳಿದ್ದರೆ, ಕೇಂದ್ರ ನೌಕರರ ಶಿಸ್ತು ಮತ್ತು ಮೇಲ್ಮನವಿಗೆ ಸಂಬಂಧಿಸಿದ 1965ರ ಸಿಸಿಎಸ್ ಸಿಸಿಎ ನಿಯಮ 10(3)ರಂತೆ ಆ ಅಮಾನತು ವಜಾ ದಿನದಿಂದಲೇ ಮುಂದುವರಿದಂತೆ ಭಾವಿಸಲಾಗುತ್ತದೆ. ಆಗ ಸಿಗುವುದು ಸಂಬಳವಲ್ಲ, ಜೀವನಾಧಾರ ಭತ್ಯೆ. ನಿಮ್ಮ ಪ್ರಕರಣದಲ್ಲಿ ದಂಡನೆಯನ್ನು ಇಳಿಸಿ ಪ್ರಕರಣ ಮುಗಿಸಿದ್ದಾರೆ, ಆದ್ದರಿಂದ ಈ ಭಯ ಬೇಡ.

ಇನ್ನು ಹಾಜರಾಗುವ ದಿನದ ಮಾತು. ಆದೇಶ 11ರದು, ಸಿಕ್ಕಿದ್ದು 19ಕ್ಕೆ. ನಡುವಿನ ದಿನಗಳಿಗೆ ನೀವು ಜವಾಬ್ದಾರರಲ್ಲ ಎಂಬುದಕ್ಕೆ ಅಂಚೆ ಲಕೋಟೆಯ ಮೇಲಿನ ಮುದ್ರೆ ಅಥವಾ ಸ್ವೀಕೃತಿಯ ಪ್ರತಿಯೇ ಸಾಕ್ಷಿ, ಅದನ್ನು ಎಸೆಯಬೇಡಿ. 20ರಂದು ಬೆಳಿಗ್ಗೆ ಹೋಗಿ ‘2025ರ ಫೆಬ್ರುವರಿ 20ರ ಪೂರ್ವಾಹ್ನ ಕರ್ತವ್ಯಕ್ಕೆ ಹಾಜರಾಗಿದ್ದೇನೆ’ ಎಂದು ಬರೆದು ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ದಿನಾಂಕ ಸಹಿತ ಸ್ವೀಕೃತಿ ಪಡೆಯಿರಿ. ಖಾಲಿ ಹುದ್ದೆ ಇಲ್ಲ, ಸ್ಥಳ ನಿಯೋಜನೆ ಬರಲಿ ಎಂದು ವಾಪಸು ಕಳುಹಿಸುವುದುಂಟು. ಆಗ ಬಾಯಿಮಾತಿಗೆ ಒಪ್ಪಿ ಮರಳಬೇಡಿ. ನಿಯೋಜನೆಗಾಗಿ ಕಡ್ಡಾಯವಾಗಿ ಕಾಯುವ ಅವಧಿಯನ್ನು ಕರ್ತವ್ಯದ ಅವಧಿಯಾಗಿ ಪರಿಗಣಿಸಲು ಅವಕಾಶವಿದೆ, ಆದರೆ ನೀವು ಹಾಜರಾಗಿದ್ದಿರಿ ಎಂಬುದು ಕಾಗದದಲ್ಲಿ ಇರಬೇಕು. ಅದೇ ಪತ್ರದ ಕೊನೆಗೆ ಒಂದು ವಾಕ್ಯ ಸೇರಿಸಿ: ‘ಗೈರುಹಾಜರಿ ಅವಧಿಯ ವೇತನ, ಭತ್ಯೆ ಮತ್ತು ಸೇವಾ ನಿರಂತರತೆಯ ನನ್ನ ಹಕ್ಕುಗಳನ್ನು ಕಾಯ್ದುಕೊಂಡು ಹಾಜರಾಗುತ್ತಿದ್ದೇನೆ.’ ಹಾಜರಾಗುವಾಗ ‘ಹಿಂದಿನ ಅವಧಿಗೆ ಏನನ್ನೂ ಕೇಳುವುದಿಲ್ಲ’ ಎಂಬ ಮುಚ್ಚಳಿಕೆಯನ್ನು ಯಾರಾದರೂ ಮುಂದಿಟ್ಟರೆ ಸಹಿ ಹಾಕಬೇಡಿ. ಸೇವೆಗೆ ಮರಳಲು ಅಂಥ ಮುಚ್ಚಳಿಕೆ ಬೇಕೆಂದು ಮುಂದೆ ಹೇಳುವ ನಿಯಮದಲ್ಲಿ ಎಲ್ಲಿಯೂ ಇಲ್ಲ.

ಈಗ ನಿಮ್ಮ ಪ್ರಶ್ನೆಯ ತಿರುಳು. ಕೇಂದ್ರ ನೌಕರರಿಗೆ ಇದನ್ನೆಲ್ಲ ತೀರ್ಮಾನಿಸುವುದು ಮೂಲಭೂತ ನಿಯಮ 54, ಕಚೇರಿಗಳಲ್ಲಿ ಎಫ್‌ಆರ್ 54 ಎನ್ನುತ್ತಾರೆ. ವಜಾ ಆದವರು ಮೇಲ್ಮನವಿಯಿಂದ ಸೇವೆಗೆ ಮರಳಿದಾಗ ಸಕ್ಷಮ ಪ್ರಾಧಿಕಾರ ಎರಡು ವಿಷಯಗಳ ಬಗ್ಗೆ ನಿರ್ದಿಷ್ಟ ಆದೇಶ ಮಾಡಲೇಬೇಕು ಎನ್ನುತ್ತದೆ ಅದು. ಗೈರುಹಾಜರಿಯ ಅವಧಿಗೆ, ವಜಾಕ್ಕೆ ಮುಂಚಿನ ಅಮಾನತೂ ಸೇರಿದಂತೆ, ಎಷ್ಟು ವೇತನ ಮತ್ತು ಭತ್ಯೆ ಕೊಡಬೇಕು ಎಂಬುದು ಒಂದು. ಆ ಅವಧಿಯನ್ನು ಕರ್ತವ್ಯದ ಅವಧಿಯಾಗಿ ಪರಿಗಣಿಸಬೇಕೇ ಬೇಡವೇ ಎಂಬುದು ಎರಡು. ಹಾಗಾಗಿ ‘ಪ್ರತ್ಯೇಕವಾಗಿ ತೀರ್ಮಾನಿಸಲಾಗುವುದು’ ಎಂಬ ವಾಕ್ಯ ನಿಮ್ಮ ಬೇಡಿಕೆಯ ನಿರಾಕರಣೆಯಲ್ಲ. ಅವರು ಮಾಡಬೇಕಾದ ಕೆಲಸ ಇನ್ನೂ ಬಾಕಿಯಿದೆ ಎಂಬುದಷ್ಟೇ ಅದರ ಅರ್ಥ. ಅಪಾಯ ಇರುವುದು ಆ ಬಾಕಿ ವರ್ಷಗಟ್ಟಲೆ ಬಾಕಿಯಾಗಿಯೇ ಉಳಿಯುವುದರಲ್ಲಿ. ಸೇವಾ ಪುಸ್ತಕದಲ್ಲಿ ಖಾಲಿ ಉಳಿದ ಈ ಜಾಗ ನಿವೃತ್ತಿಯ ಹೊತ್ತಿಗೆ ತಲೆನೋವಾಗಿ ಎದ್ದು ಬರುತ್ತದೆ, ಆಗ ಕಡತ ಹುಡುಕುವವರೂ ಇರುವುದಿಲ್ಲ.

ಎಷ್ಟು ಸಿಗುತ್ತದೆ ಎಂಬುದು ನೀವು ಪೂರ್ತಿ ದೋಷಮುಕ್ತರೇ ಎಂಬುದರ ಮೇಲೆ ನಿಂತಿದೆ. ಪೂರ್ತಿ ದೋಷಮುಕ್ತರಾದರೆ ವಜಾ, ಅಮಾನತು ಆಗಿಯೇ ಇರಲಿಲ್ಲ ಎಂಬಂತೆ ಪೂರ್ಣ ವೇತನ ಸಿಗುತ್ತದೆ, ಅವಧಿಯೂ ಎಲ್ಲ ಉದ್ದೇಶಗಳಿಗೆ ಕರ್ತವ್ಯವೆಂದೇ ಲೆಕ್ಕ. ನಿಮಗೆ ಸಣ್ಣದಾದರೂ ಒಂದು ದಂಡನೆ ಉಳಿದಿದೆ. ಇಂಥವರು ಉಪನಿಯಮ 4ಕ್ಕೆ ಬೀಳುತ್ತಾರೆ. ಅಲ್ಲಿ ಪ್ರಾಧಿಕಾರ ಪೂರ್ಣಕ್ಕಿಂತ ಕಡಿಮೆ ಮೊತ್ತವನ್ನು ನಿಗದಿ ಮಾಡುತ್ತದೆ, ಆದರೆ ಮನಸ್ಸಿಗೆ ಬಂದಂತೆ ಅಲ್ಲ. ಎಷ್ಟು ಕೊಡಲು ಉದ್ದೇಶಿಸಿದ್ದೇವೆ ಎಂದು ಮೊದಲು ನಿಮಗೆ ನೋಟಿಸ್ ಕೊಡಬೇಕು. ಉತ್ತರಕ್ಕೆ ಅದರಲ್ಲಿ ಹೇಳಿದ ಗಡುವು ಹೆಚ್ಚೆಂದರೆ 60 ದಿನ, ಆ ಉತ್ತರವನ್ನು ಪರಿಶೀಲಿಸಿಯೇ ಆದೇಶ ಹೊರಡಿಸಬೇಕು. ಜೊತೆಗೆ ಮೊತ್ತ ಜೀವನಾಧಾರ ಭತ್ಯೆಗಿಂತ ಕೆಳಗೆ ಇಳಿಯುವಂತಿಲ್ಲ.

ಒಂದು ತಿಂಗಳನ್ನು ಹಿಡಿದು ನೋಡೋಣ. ಅಮಾನತಾಗುವಾಗ ನಿಮ್ಮ ಮೂಲ ವೇತನ 30,500 ರೂಪಾಯಿ ಇತ್ತು, ವೇತನ ಬಡ್ತಿಯ ದಿನ ಜುಲೈ 1 ಎಂದಿಟ್ಟುಕೊಳ್ಳಿ. ನಾಲ್ಕನೇ ಹಂತದ ವೇತನ ಪಟ್ಟಿಯಲ್ಲಿ ಅದರ ಮುಂದಿನ ಮನೆ 31,400. ಸೇವೆಯಲ್ಲಿದ್ದಿದ್ದರೆ 2024ರ ಜನವರಿಯಲ್ಲಿ ನೀವು ಅಲ್ಲಿರುತ್ತಿದ್ದಿರಿ. ಆಗ ತುಟ್ಟಿಭತ್ಯೆ ಶೇ 50, ಎರಡೂ ಸೇರಿ 47,100 ರೂಪಾಯಿ. ಜೀವನಾಧಾರ ಭತ್ಯೆಯ ಆರಂಭದ ಲೆಕ್ಕ ಅರ್ಧ ವೇತನ ಮತ್ತು ಅದರ ಮೇಲಿನ ತುಟ್ಟಿಭತ್ಯೆ. ಅಂದರೆ 15,250 ಮತ್ತು 7,625, ಒಟ್ಟು 22,875. ಮನೆ ಬಾಡಿಗೆಯಂಥ ಭತ್ಯೆಗಳನ್ನು ಬಿಟ್ಟರೆ, ಆ ಒಂದು ತಿಂಗಳಿಗೆ ನಿಮ್ಮ ಹಿಂಬಾಕಿ ಈ 22,875 ಮತ್ತು 47,100ರ ನಡುವೆ ಎಲ್ಲೋ ನಿಲ್ಲಬೇಕು. ಎಲ್ಲಿ ನಿಲ್ಲಬೇಕು ಎಂಬುದೇ ನೋಟಿಸಿಗೆ ನೀವು ಕೊಡುವ ಉತ್ತರದ ವಿಷಯ.

ಆ ಉತ್ತರದಲ್ಲಿ ದೊಡ್ಡ ಆರೋಪ ಬಿದ್ದುಹೋಗಿದೆ ಎಂಬುದನ್ನು ಮೇಲ್ಮನವಿ ಆದೇಶದ ಸಾಲುಗಳಿಂದಲೇ ತೋರಿಸಿ. ಉಳಿದದ್ದು ಲಘು ದಂಡನೆ. ಇಲ್ಲಿ ನೆರವಿಗೆ ಬರುವ ದಾಖಲೆ ಒಂದಿದೆ. ಸಿಬ್ಬಂದಿ ಇಲಾಖೆಯ 1985ರ ಡಿಸೆಂಬರ್ 3ರ ಕಚೇರಿ ಜ್ಞಾಪನವು, ವಿಚಾರಣೆ ಲಘು ದಂಡನೆಯಲ್ಲಿ ಮುಗಿದರೆ ಅಮಾನತನ್ನು ಪೂರ್ತಿ ಅಸಮರ್ಥನೀಯವೆಂದು ಪರಿಗಣಿಸಿ ಆ ಅವಧಿಗೆ ಪೂರ್ಣ ವೇತನ ಕೊಡಬೇಕು ಎನ್ನುತ್ತದೆ. ಅದು ಅಮಾನತಿನ ಕುರಿತಾದದ್ದು, ವಜಾ ಅವಧಿಗೆ ತಾನಾಗಿ ಅನ್ವಯಿಸುವುದಿಲ್ಲ. ಆದರೂ ಆಗಸ್ಟ್ 8ರಿಂದ ನವೆಂಬರ್ 14ರವರೆಗಿನ ಅಮಾನತಿಗೆ ಅದನ್ನು ಎದುರಿಡಿ, ಉಳಿದ ಅವಧಿಗೂ ಅದೇ ನ್ಯಾಯ ಸಲ್ಲಬೇಕೆಂದು ವಾದಿಸಿ.

ಒಂದು ವಿಷಯವನ್ನು ಮಾತ್ರ ಮುಚ್ಚಿಡಬೇಡಿ. ವಜಾ ಆದಮೇಲೆ ಬೇರೆ ಕಡೆ ದುಡಿದಿದ್ದರೆ ಆ ಸಂಪಾದನೆಯನ್ನು ಹಿಂಬಾಕಿಯಿಂದ ಕಳೆಯಬೇಕೆಂದು ಎಫ್‌ಆರ್ 54 ಹೇಳುತ್ತದೆ. ಸಂಬಂಧಿಕರ ಅಂಗಡಿಯಲ್ಲಿ 14 ತಿಂಗಳು ತಿಂಗಳಿಗೆ 9,000ಕ್ಕೆ ಲೆಕ್ಕ ಬರೆದಿದ್ದರೆ 1,26,000 ರೂಪಾಯಿ ಕಡಿತವಾಗುತ್ತದೆ. ಕಷ್ಟವೆನಿಸಬಹುದು, ಆದರೆ ‘ಎಲ್ಲಿಯೂ ಕೆಲಸ ಮಾಡಿಲ್ಲ’ ಎಂದು ಸುಳ್ಳು ಪ್ರಮಾಣಪತ್ರ ಕೊಟ್ಟು ಸಿಕ್ಕಿಬಿದ್ದರೆ, ಗೆದ್ದು ಬಂದವರ ಮೇಲೆ ಹೊಸ ಆರೋಪಪಟ್ಟಿಯೇ ಬರಬಹುದು.

ಹಿಂಬಾಕಿಗಿಂತಲೂ ಹೆಚ್ಚು ಗಮನ ಕೊಡಬೇಕಾದದ್ದು ಸೇವಾ ನಿರಂತರತೆ ಎಂಬುದು ನನ್ನ ಅಭಿಪ್ರಾಯ. ಹಿಂಬಾಕಿ ಒಂದು ಸಲದ ಹಣ. ಅವಧಿ ಕರ್ತವ್ಯವಲ್ಲ ಎಂದಾದರೆ ನಷ್ಟ ಪ್ರತಿ ತಿಂಗಳೂ ಬರುತ್ತದೆ. ಕರ್ತವ್ಯವೆಂದು ಪರಿಗಣಿಸಿದರೆ 2023 ಮತ್ತು 2024ರ ವೇತನ ಬಡ್ತಿಗಳು ಸೇರಿ ನೀವು 32,300ರಲ್ಲಿ ಕೆಲಸ ಶುರು ಮಾಡುತ್ತೀರಿ. ಇಲ್ಲದಿದ್ದರೆ ಬಿಟ್ಟುಹೋದ 30,500ರಲ್ಲೇ. ತಿಂಗಳಿಗೆ 1,800 ರೂಪಾಯಿ ಮತ್ತು ಅದರ ಮೇಲಿನ ತುಟ್ಟಿಭತ್ಯೆಯ ಅಂತರ ನಿವೃತ್ತಿಯವರೆಗೆ ಹಿಂಬಾಲಿಸುತ್ತದೆ.

ಉಪನಿಯಮ 4ಕ್ಕೆ ಬಿದ್ದವರ ಅವಧಿ, ಯಾವ ಉದ್ದೇಶಕ್ಕೆ ಎಂದು ನಿರ್ದಿಷ್ಟವಾಗಿ ಹೇಳಿದ ಹೊರತು ಕರ್ತವ್ಯವಾಗುವುದಿಲ್ಲ. ಹಳೆಯ ಪಿಂಚಣಿಯಲ್ಲಿರುವವರಿಗೂ ವಜಾಕ್ಕೆ ಹಿಂದಿನ ಸೇವೆ ಉಳಿಯುತ್ತದೆ, ನಡುವಿನ ಅಂತರ ಮಾತ್ರ ನಿರ್ದಿಷ್ಟ ಆದೇಶವಿಲ್ಲದೆ ಅರ್ಹ ಸೇವೆಗೆ ಸೇರುವುದಿಲ್ಲ. ಆದ್ದರಿಂದ ‘ಸೇವಾ ನಿರಂತರತೆ ನೀಡಬೇಕು’ ಎಂದು ಸಡಿಲವಾಗಿ ಕೇಳದೆ ಹೀಗೆ ಬರೆಯಿರಿ: ‘2022ರ ಆಗಸ್ಟ್ 8ರಿಂದ 2025ರ ಫೆಬ್ರುವರಿ 19ರವರೆಗಿನ ಅವಧಿಯನ್ನು ವಾರ್ಷಿಕ ವೇತನ ಬಡ್ತಿ, ಜ್ಯೇಷ್ಠತೆ, ರಜೆ, ಉಪದಾನ ಮತ್ತು ಪಿಂಚಣಿ ಉದ್ದೇಶಗಳಿಗೆ ಕರ್ತವ್ಯದ ಅವಧಿಯೆಂದು ಪರಿಗಣಿಸಿ ಆದೇಶಿಸಬೇಕೆಂದು ಕೋರುತ್ತೇನೆ.’ ಎನ್‌ಪಿಎಸ್‌ನಲ್ಲಿದ್ದರೆ ಹಿಂಬಾಕಿಯ ಮೇಲೆ ನಿಮ್ಮ ಪಾಲಿನ ಶೇ 10 ಮತ್ತು ಸರ್ಕಾರದ ಶೇ 14 ಖಾತೆಗೆ ಜಮೆಯಾಗಬೇಕೆಂದೂ ಸೇರಿಸಿ.

ಅಷ್ಟಾಗಿಯೂ ಕರ್ತವ್ಯವಲ್ಲ ಎಂದರೆ, ನೀವು ಕೇಳಿದರೆ ಆ ಅವಧಿಯನ್ನು ನಿಮ್ಮ ಖಾತೆಯಲ್ಲಿರುವ ರಜೆಯಾಗಿ ಪರಿವರ್ತಿಸಲು ಅವಕಾಶವಿದೆ. ಗಳಿಕೆ ರಜೆ, ಅರ್ಧ ವೇತನ ರಜೆ ಮುಗಿದಮೇಲೆ ಉಳಿದದ್ದು ವೇತನರಹಿತ ಅಸಾಧಾರಣ ರಜೆ. ಕೂಡಿಟ್ಟ ರಜೆಯೆಲ್ಲ ಕರಗಿಹೋಗುತ್ತದೆ, ಹಾಗಾಗಿ ಇದನ್ನು ಮೊದಲೇ ಕೇಳಬೇಡಿ. ಕೆಲವು ಕಚೇರಿಗಳು ಹಾಜರಾದ ವಾರದಲ್ಲೇ ರಜೆ ಅರ್ಜಿ ತುಂಬಿಸಿಕೊಳ್ಳುತ್ತವೆ. ಒಮ್ಮೆ ಕೊಟ್ಟ ಅರ್ಜಿ, ಆ ಅವಧಿ ಕರ್ತವ್ಯವಲ್ಲ ಎಂದು ನೀವೇ ಒಪ್ಪಿದ್ದೀರಿ ಎಂಬುದಕ್ಕೆ ಪುರಾವೆಯಾಗಿ ಬಳಕೆಯಾಗುತ್ತದೆ.

ರಾಜ್ಯ ಸರ್ಕಾರಿ ನೌಕರರಿಗೆ ಇಂಥದೇ ನಿರ್ದಿಷ್ಟ ಆದೇಶವನ್ನು ಕರ್ನಾಟಕ ನಾಗರಿಕ ಸೇವಾ ನಿಯಮಾವಳಿ, ಅಂದರೆ ಕೆಸಿಎಸ್‌ಆರ್‌ನ ನಿಯಮ 99 ಬಯಸುತ್ತದೆ. ಖಾಸಗಿ ಸಂಸ್ಥೆಯವರಿಗೆ ಹೀಗೆ ಬರೆದಿಟ್ಟ ನಿಯಮವಿಲ್ಲ, ಅವರು ನ್ಯಾಯಾಲಯದ ತೀರ್ಪುಗಳನ್ನು ಆಧರಿಸಬೇಕು. ಅನ್ಯಾಯವಾಗಿ ವಜಾ ಆದವರಿಗೆ ಹಿಂಬಾಕಿ ಸಹಿತ ಮರುಸೇರ್ಪಡೆಯೇ ಸಾಮಾನ್ಯ ನಿಯಮ ಎಂದು ಸುಪ್ರೀಂ ಕೋರ್ಟ್ ದೀಪಾಲಿ ಗುಂಡು ಸುರ್ವಸೆ ಪ್ರಕರಣದಲ್ಲಿ 2013ರಲ್ಲಿ ಹೇಳಿದೆ. ಆದರೆ ಆಂಧ್ರ ಪ್ರದೇಶ ರಸ್ತೆ ಸಾರಿಗೆ ಸಂಸ್ಥೆಯ 2003ರ ಪ್ರಕರಣದಲ್ಲಿ, ಆದೇಶದಲ್ಲಿ ಸೇವಾ ನಿರಂತರತೆ ಎಂದಷ್ಟೇ ಇದ್ದರೆ ಗೈರುಹಾಜರಿಯ ಅವಧಿಯ ವೇತನ ಬಡ್ತಿಗಳು ತಾವಾಗಿ ಸಿಗುವುದಿಲ್ಲ ಎಂದಿದೆ. ಅವರೂ ಬಡ್ತಿಗಳನ್ನು ಹೆಸರಿಸಿಯೇ ಕೇಳಬೇಕು.

ನಿಮ್ಮ ಮನವಿಗೆ ಆದೇಶ ಬಂದು ಅದು ಸಮಾಧಾನ ತರದಿದ್ದರೆ ಅದರ ವಿರುದ್ಧವೂ ಮೇಲ್ಮನವಿ ಇದೆ. ಈ ಅವಧಿಯ ವೇತನವನ್ನು ಮತ್ತು ಅದು ಕರ್ತವ್ಯವೇ ಎಂಬುದನ್ನು ನಿರ್ಧರಿಸುವ ಆದೇಶಗಳೆರಡೂ ಸಿಸಿಎಸ್ ಸಿಸಿಎ ನಿಯಮ 23ರ ಮೇಲ್ಮನವಿ ಪಟ್ಟಿಯಲ್ಲಿವೆ. ಕಾಲಾವಕಾಶ ಆದೇಶದ ಪ್ರತಿ ಸಿಕ್ಕ ದಿನದಿಂದ 45 ದಿನ. ಅಲ್ಲಿಯೂ ದಾರಿ ಸಿಗದಿದ್ದರೆ ಕೇಂದ್ರೀಯ ಆಡಳಿತ ನ್ಯಾಯಮಂಡಳಿಯ ಬೆಂಗಳೂರು ಪೀಠವಿದೆ. ಮೇಲ್ಮನವಿಯಲ್ಲಿ ಅಂತಿಮ ಆದೇಶ ಬಂದ ಒಂದು ವರ್ಷದೊಳಗೆ ಅಲ್ಲಿಗೆ ಅರ್ಜಿ ಹಾಕಬೇಕು.