ಮಾರುಕಟ್ಟೆ ದರಪಟ್ಟಿಯ ಒಂದು ಸಾಲನ್ನು ಕನ್ನಡಕ್ಕೆ ತರುವುದು

ಎಪಿಎಂಸಿ ಮಾರುಕಟ್ಟೆಗಳ ದೈನಂದಿನ ದರಪಟ್ಟಿಯಲ್ಲಿ ಒಂದೊಂದು ಬೆಳೆಗೂ ಒಂದೊಂದು ಸಾಲು ಇರುತ್ತದೆ. ಬೆಳೆಯ ಹೆಸರು, ತಳಿ, ಆವಕ, ಕನಿಷ್ಠ ದರ, ಗರಿಷ್ಠ ದರ, ಕೊನೆಗೆ ಇಂಗ್ಲಿಷಿನಲ್ಲಿ ಮೋಡಲ್ ಪ್ರೈಸ್ ಎಂದು ಬರೆದ ಇನ್ನೊಂದು ದರ. ಮೆಕ್ಕೆಜೋಳದ ಒಂದೇ ಒಂದು ಸಾಲನ್ನು ಎತ್ತಿಕೊಂಡು ನೋಡಿದರೂ ಅನುವಾದ ಎಲ್ಲೆಲ್ಲಿ ತಪ್ಪಬಹುದೆಂಬುದು ತಿಳಿಯುತ್ತದೆ.

ಮೊದಲ ತೊಡಕು ಹೆಸರಿನಲ್ಲೇ ಇದೆ. ದಾವಣಗೆರೆಯ ಮೆಕ್ಕೆಜೋಳವೇ ಧಾರವಾಡ, ಹಾವೇರಿಗಳಲ್ಲಿ ಗೋವಿನಜೋಳ, ಹಳೆ ಮೈಸೂರಿನ ಕಡೆ ಮುಸುಕಿನ ಜೋಳ. ಬರಿಯ ‘ಜೋಳ’ ಎಂದು ಬರೆದರೆ ಓದುಗರು ರೊಟ್ಟಿಯ ಜೋಳವೆಂದೇ ತಿಳಿಯುತ್ತಾರೆ. ಅದು ಬೇರೆಯೇ ಬೆಳೆ, ಅದಕ್ಕೆ ಬೇರೆಯೇ ದರ.

ಇದಕ್ಕಿಂತ ದೊಡ್ಡ ತೊಡಕು ಕೊನೆಯ ದರದ್ದು. ಅದನ್ನು ‘ಸರಾಸರಿ ದರ’ ಎಂದು ಬರೆಯುವುದು ಸಾಮಾನ್ಯವಾದರೂ ಅದು ಸರಾಸರಿಯಲ್ಲ. ಆ ದಿನ ಅತಿ ಹೆಚ್ಚು ಮಾಲು ಯಾವ ದರಕ್ಕೆ ಮಾರಾಟವಾಯಿತೋ ಆ ದರ. ಲೆಕ್ಕಕ್ಕೆಂದು ಕಲ್ಪಿಸಿಕೊಳ್ಳೋಣ: ನೂರು ಕ್ವಿಂಟಲ್ ಆವಕದಲ್ಲಿ 10 ಕ್ವಿಂಟಲ್ 2,200 ರೂಪಾಯಿಗೆ, 60 ಕ್ವಿಂಟಲ್ 2,100ಕ್ಕೆ, 30 ಕ್ವಿಂಟಲ್ 1,950ಕ್ಕೆ ಹೋಯಿತು. ಒಟ್ಟು ಹಣ 2,06,500 ರೂಪಾಯಿ, ಹಾಗಾಗಿ ನಿಜವಾದ ಸರಾಸರಿ 2,065. ಕನಿಷ್ಠ, ಗರಿಷ್ಠಗಳ ನಡುಮಧ್ಯ 2,075. ಪಟ್ಟಿಯಲ್ಲಿ ಕಾಣುವುದು ಮಾತ್ರ 2,100. ಇದನ್ನು ಸರಾಸರಿ ಎಂದು ನಂಬಿ ಇಡೀ ಸಂತೆಯ ವಹಿವಾಟನ್ನು ಅಂದಾಜು ಮಾಡಿದವರು ಕ್ವಿಂಟಲಿಗೆ 35 ರೂಪಾಯಿ ಹೆಚ್ಚು ಹಿಡಿದಂತಾಗುತ್ತದೆ. ‘ಹೆಚ್ಚು ಮಾಲು ಮಾರಾಟವಾದ ದರ’ ಎಂದು ಬರೆದರೆ ಪದ ಉದ್ದವಾದರೂ ಅರ್ಥ ಕೆಡುವುದಿಲ್ಲ. ನಾನು ಅದನ್ನೇ ಆರಿಸಿಕೊಳ್ಳುತ್ತೇನೆ.

1,950ಕ್ಕೆ ಹೋದ ಮಾಲು ಕೀಳು ಮಾಲೇ ಆಗಿರಬೇಕೆಂದಿಲ್ಲ, ಹಸಿಯಾಗಿದ್ದಿರಬಹುದು. ಶೇಕಡ 20 ತೇವಾಂಶವಿರುವ ನೂರು ಕೆಜಿ ಕಾಳಿನಲ್ಲಿ ನೀರು ಬಿಟ್ಟರೆ ಉಳಿಯುವುದು 80 ಕೆಜಿ. ಅದನ್ನು ಶೇಕಡ 14ಕ್ಕೆ ಒಣಗಿಸಿದಾಗ ಈ 80 ಕೆಜಿ ಒಟ್ಟು ತೂಕದ ಶೇಕಡ 86 ಆಗಬೇಕು, ಅಂದರೆ ತೂಕ ಸುಮಾರು 93 ಕೆಜಿಗೆ ಇಳಿಯುತ್ತದೆ. ಒಣಗಿದ ಕಾಳಿಗೆ 2,100ರ ದರ ಸಿಕ್ಕರೂ 93 ಕೆಜಿಗೆ ಕೈಸೇರುವುದು 1,953 ರೂಪಾಯಿ. ಒಣಗಿಸುವ ಕೂಲಿಯನ್ನು ಲೆಕ್ಕಕ್ಕೆ ಹಿಡಿದರೆ ಹಸಿಯಾಗಿ 1,950ಕ್ಕೆ ಮಾರಿದವರು ನಷ್ಟಪಟ್ಟಂತೆ ಆಗಲಿಲ್ಲ. ತೇವಾಂಶದ ಅಂಕಣವಿಲ್ಲದ ಪಟ್ಟಿಯಲ್ಲಿ ಎರಡು ಊರುಗಳ ದರವನ್ನು ಹೋಲಿಸುವಾಗ ಇದನ್ನು ಮರೆಯಬಾರದು.

ಇನ್ನು ಅಳತೆಗಳು. ಕ್ವಿಂಟಲ್ ಎಂದರೆ ನೂರು ಕೆಜಿ, ಹತ್ತು ಕ್ವಿಂಟಲ್ ಒಂದು ಟನ್. ಆದ್ದರಿಂದ 2,100ರ ದರ ಕೆಜಿಗೆ 21 ರೂಪಾಯಿ, 50 ಕೆಜಿ ಚೀಲಕ್ಕೆ 1,050 ರೂಪಾಯಿ. ಚೀಲ ಮಾತ್ರ ನಿಶ್ಚಿತ ಮಾನವಲ್ಲ, ಬೆಳೆಗೂ ಊರಿಗೂ ತಕ್ಕಂತೆ ಅದರ ತೂಕ ಬದಲಾಗುವುದರಿಂದ ಎಷ್ಟು ಕೆಜಿಯದೆಂದು ಜೊತೆಗೆ ಬರೆಯಲೇಬೇಕು. ಸೇರಿನ ವಿಷಯ ಇನ್ನೂ ಸೂಕ್ಷ್ಮ. ಕಾಳು ಅಳೆಯುವ ಸೇರು ತೂಕವನ್ನಲ್ಲ, ಗಾತ್ರವನ್ನು ಅಳೆಯುತ್ತದೆ. ನಿಮ್ಮ ಮನೆಯ ಸೇರು ತುಂಬಿ, ಮೇಲೆ ಗೀರಿ ಸಮ ಮಾಡಿದಾಗ ರಾಗಿ 800 ಗ್ರಾಂ ತೂಗಿದರೆ ಒಂದು ಕ್ವಿಂಟಲ್ ರಾಗಿಗೆ 125 ಸೇರು. ಅದೇ ಪಾತ್ರೆಯಲ್ಲಿ ಭತ್ತ 600 ಗ್ರಾಂ ತೂಗಿದರೆ ಕ್ವಿಂಟಲಿಗೆ ಸುಮಾರು 167 ಸೇರು ಬೇಕು. ಭತ್ತದ ಹೊಟ್ಟಿನ ನಡುವೆ ಗಾಳಿ ಹೆಚ್ಚು ನಿಲ್ಲುವುದೇ ಇದಕ್ಕೆ ಕಾರಣ. ಎಲ್ಲ ಕಾಳಿಗೂ ಒಂದೇ ಸಂಖ್ಯೆಯಿಂದ ಗುಣಿಸುವ ಪರಿವರ್ತನೆ ಇಲ್ಲಿ ತಪ್ಪೇ ಆಗುತ್ತದೆ. ಆಯಾ ಕಾಳನ್ನು ಒಮ್ಮೆ ತೂಗಿ ನೋಡುವುದೊಂದೇ ದಾರಿ.

ದರದ ಜೊತೆಗೆ ಇಳುವರಿಯ ಅಂಕಿಯೂ ಬಂದರೆ ಅದು ಹೆಚ್ಚಾಗಿ ಹೆಕ್ಟೇರಿಗೆ ಇಷ್ಟು ಕೆಜಿ ಎಂದಿರುತ್ತದೆ. ಒಂದು ಹೆಕ್ಟೇರ್ ಎಂದರೆ 2.471 ಎಕರೆ, ಅಂದರೆ ಎರಡು ಎಕರೆ ಹತ್ತೊಂಬತ್ತು ಗುಂಟೆಗೆ ತುಸು ಕಡಿಮೆ. ಹೆಕ್ಟೇರಿಗೆ 5,000 ಕೆಜಿ ಎಂದಿದ್ದರೆ 2.471ರಿಂದ ಭಾಗಿಸಿದಾಗ ಎಕರೆಗೆ 2,023 ಕೆಜಿ, ಅಂದರೆ ಇಪ್ಪತ್ತು ಕ್ವಿಂಟಲಿನ ಆಸುಪಾಸು. ಎಕರೆಗೆ 40 ಗುಂಟೆಯಾದ್ದರಿಂದ ಗುಂಟೆಗೆ 50 ಕೆಜಿಯ ಒಂದು ಚೀಲ ಸಿಕ್ಕಂತೆ. ಸೆಂಟ್ಸ್ ಲೆಕ್ಕ ಹಾಕುವ ಕರಾವಳಿಯವರು ಎಕರೆಯನ್ನು ನೂರು ಭಾಗ ಮಾಡಿದರೆ ಸೆಂಟಿಗೆ ಇಪ್ಪತ್ತು ಕೆಜಿ. ಭಾಗಿಸುವ ಬದಲು ಗುಣಿಸಿಬಿಡುವ ತಪ್ಪು ಇಲ್ಲಿ ಸುಲಭವಾಗಿ ನುಸುಳುತ್ತದೆ. ಎಕರೆಯ ಅಂಕಿ ಹೆಕ್ಟೇರಿನದಕ್ಕಿಂತ ದೊಡ್ಡದಾಗಿ ಬಂದಿದ್ದರೆ ಲೆಕ್ಕ ತಲೆಕೆಳಗಾಗಿದೆ ಎಂದೇ ಅರ್ಥ. ದರಕ್ಕೂ ಇಳುವರಿಗೂ ಗುಣಾಕಾರ ಮಾಡುವವರು ದುಂಡಾಗಿಸುವುದನ್ನು ಕಡೆಯ ಹೆಜ್ಜೆಗೆ ಬಿಟ್ಟರೆ, ಎಕರೆಗೆ 42,000 ರೂಪಾಯಿಯ ಬದಲು 42,493 ಎಂಬ ಉತ್ತರ ಬರುತ್ತದೆ.