ಸ್ಕಾಲರ್‌ಶಿಪ್ ಪ್ರಬಂಧ: ಕಷ್ಟವನ್ನು ಎಷ್ಟು ಬರೆಯಬೇಕು, ಹೇಗೆ ಬರೆಯಬೇಕು

ಖಾಸಗಿ ಟ್ರಸ್ಟ್‌ಗಳು ಕೊಡುವ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕುವಾಗ ಸಾಮಾನ್ಯವಾಗಿ ಒಂದು ಪ್ರಬಂಧ ಕೇಳುತ್ತಾರೆ. ‘ನಿಮ್ಮ ಬಗ್ಗೆ ಐನೂರು ಪದಗಳಲ್ಲಿ ಬರೆಯಿರಿ.’ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದ ಮಕ್ಕಳು ಇಲ್ಲಿಯೇ ಎಡವುವುದು. ಇಂಥ ಅರ್ಜಿಗಳನ್ನು ಓದುವುದು, ಬರೆಯುವ ಮಕ್ಕಳ ಜೊತೆ ಕೂರುವುದು ಎರಡೂ ನನ್ನ ಕೆಲಸವೇ ಆಗಿರುವುದರಿಂದ ಹೇಳುತ್ತೇನೆ: ನೀವು ಬಡವರು ಎಂದು ಪ್ರಬಂಧದಲ್ಲಿ ಸಾಬೀತು ಮಾಡಬೇಕಾಗಿಲ್ಲ. ಓದುವವರ ಮುಂದೆ ನಾಡಕಚೇರಿಯ ಆದಾಯ ಪ್ರಮಾಣಪತ್ರ ಇರುತ್ತದೆ. ‘ಪೋಷಕರ ಉದ್ಯೋಗ: ಕೂಲಿ’ ಎಂದು ಫಾರಂನಲ್ಲಿ ನೀವೇ ತುಂಬಿರುತ್ತೀರಿ. ಆ ಕಾಗದಗಳಲ್ಲಿ ಕಾಣದ್ದು ಒಂದೇ, ಆ ಮನೆಯಲ್ಲಿ ಬೆಳೆದ ನೀವು ಎಂಥವರು ಅನ್ನುವುದು.

ಯಾದಗಿರಿ ಕಡೆಯ ಒಬ್ಬ ಹುಡುಗಿಯ ಪ್ರಬಂಧ ನೋಡೋಣ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ. ಬಿ.ಎಸ್ಸಿ. ಮುಗಿಸಿ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಲು ಹೊರಟಿದ್ದಳು. ಮೊದಲ ಕರಡು ಹೀಗಿತ್ತು:

“ನಾನು ಕಡುಬಡತನದಲ್ಲಿ ಹುಟ್ಟಿದವಳು. ನನ್ನ ತಂದೆ ತಾಯಿ ಅನಕ್ಷರಸ್ಥರು. ಒಪ್ಪೊತ್ತಿನ ಊಟಕ್ಕೂ ಪರದಾಡುವ ಸ್ಥಿತಿ ನಮ್ಮದು. ಕಷ್ಟಗಳ ಸರಮಾಲೆಯನ್ನೇ ಎದುರಿಸಿ, ಕಣ್ಣೀರಿನಲ್ಲಿ ಕೈತೊಳೆಯುತ್ತಾ ಇಲ್ಲಿಯವರೆಗೆ ಬಂದಿದ್ದೇನೆ.”

“ಊಟಕ್ಕೆ ಪರದಾಡಿದ್ದು ಯಾವಾಗಮ್ಮಾ?” ಎಂದು ಕೇಳಿದೆ.

“ಊಟಕ್ಕೇನ್ ಕಡಿಮಿ ಇರ್ಲಿಲ್ರಿ ಸರ್. ಎಲ್ಲಾರೂ ಹಂಗ ಬರೀತಾರಲ್ರಿ.”

ಅವಳು ಸುಳ್ಳು ಹೇಳಬೇಕೆಂದು ಹೊರಟವಳಲ್ಲ. ಇಂಥ ಅರ್ಜಿಗೆ ಇಂಥ ಮಾತೇ ಬೇಕು ಎಂದು ಯಾರೋ ಹೇಳಿಕೊಟ್ಟಿದ್ದರು. ತೊಂದರೆ ಏನೆಂದರೆ, ಈ ನಾಲ್ಕು ವಾಕ್ಯ ಯಾರ ಹೆಸರಿನ ಕೆಳಗೆ ಹಾಕಿದರೂ ಹೊಂದುತ್ತವೆ. ಒಂದೇ ದಿನ ಒಂದು ರಾಶಿ ಅರ್ಜಿ ಓದುವವರಿಗೆ ಇವು ಕಣ್ಣಿಗೇ ಬೀಳುವುದಿಲ್ಲ.

ಅವಳ ನಿಜವಾದ ಕಷ್ಟ ಬೇರೆಯೇ ಇತ್ತು. ದೀಪಾವಳಿ ಮುಗಿದ ಮೇಲೆ ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೋಗುತ್ತಿದ್ದರು, ಕಟ್ಟಡದ ಕೆಲಸಕ್ಕೆ. ಮಕ್ಕಳು ಅಜ್ಜಿಯ ಹತ್ತಿರ ಉಳಿಯುತ್ತಿದ್ದರು. ಒಂಬತ್ತನೇ ತರಗತಿಯಲ್ಲಿದ್ದಾಗ ಅಜ್ಜಿ ಹುಷಾರು ತಪ್ಪಿದ್ದರಿಂದ ಇವಳೂ ಜೊತೆಗೆ ಹೋಗಬೇಕಾಯಿತು. ಅಲ್ಲಿ ಏನು ಮಾಡುತ್ತಿದ್ದೆ ಎಂದು ಕೇಳಿದಾಗ, ಹೇಳುವಂಥದ್ದೇನಲ್ಲ ಅನ್ನುವ ಹಾಗೆ, “ಹಾಜರಿ ಬರೀತಿದ್ದೆ” ಅಂದಳು. ಅರ್ಧ ಗಂಟೆ ಮಾತಾಡಿದ ಮೇಲೆ ಅವಳೇ ಬರೆದದ್ದು ಇದು:

“ಒಂಬತ್ತನೇ ತರಗತಿಯಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗೆ ನಾನು ಶಾಲೆಗೆ ಹೋಗಲಿಲ್ಲ. ಅಪ್ಪ ಅಮ್ಮನ ಜೊತೆ ಬೆಂಗಳೂರಿನ ಒಂದು ಕಟ್ಟಡದ ಶೆಡ್‌ನಲ್ಲಿದ್ದೆ. ಓದು ಬರುತ್ತದೆಂದು ಮೇಸ್ತ್ರಿ ನನಗೆ ಹಾಜರಿ ಪುಸ್ತಕ ಕೊಟ್ಟರು. ಮಧ್ಯಾಹ್ನದಿಂದ ಕೆಲಸಕ್ಕೆ ಬಂದವರ ಅರ್ಧ ದಿನ ಲೆಕ್ಕಕ್ಕೆ ಬರುತ್ತಿರಲಿಲ್ಲ, ಯಾಕೆಂದರೆ ಪುಸ್ತಕದಲ್ಲಿ ಅದಕ್ಕೆ ಗುರುತೇ ಇರಲಿಲ್ಲ. ನಾನು ಪೂರ್ತಿ ದಿನಕ್ಕೆ ಅಡ್ಡಗೆರೆ, ಅರ್ಧ ದಿನಕ್ಕೆ ಚುಕ್ಕಿ ಹಾಕತೊಡಗಿದೆ. ಶನಿವಾರದ ಬಟವಾಡೆಯಲ್ಲಿ ಎರಡು ಚುಕ್ಕಿಗೆ ಒಂದು ದಿನದ ಕೂಲಿ ಸಿಕ್ಕಿತು. ಊರಿಗೆ ಬಂದಾಗ ಬೀಜಗಣಿತದ ಪಾಠ ಮುಗಿದುಹೋಗಿತ್ತು. ಗೆಳತಿಯ ನೋಟ್‌ಬುಕ್ ತಂದು ರಾತ್ರಿ ಬರೆದುಕೊಂಡು ಬೆಳಿಗ್ಗೆ ವಾಪಸ್ ಕೊಡುತ್ತಿದ್ದೆ. ಆ ವರ್ಷ ಗಣಿತದಲ್ಲಿ ನನಗೆ 41 ಅಂಕ ಬಂತು.”

ಕಷ್ಟ ಇಲ್ಲಿ ಮೊದಲಿಗಿಂತ ಜಾಸ್ತಿ ಕಾಣುತ್ತದೆ, ಅಲ್ವಾ? ಆದರೆ ಗೋಳಿಲ್ಲ. ಬಡತನ, ಕಣ್ಣೀರು, ಸಂಕಷ್ಟ ಯಾವ ಪದವೂ ಬಂದಿಲ್ಲ. ತಿಂಗಳು ಗೊತ್ತಾಗುತ್ತದೆ, ಜಾಗ ಗೊತ್ತಾಗುತ್ತದೆ, ಅವಳು ಮಾಡಿದ್ದೇನು ಎಂದು ಗೊತ್ತಾಗುತ್ತದೆ. ಮುಖ್ಯವಾದ ವಾಕ್ಯಗಳು ಅವಳು ಮಾಡಿದ ಕೆಲಸದಲ್ಲೇ ಮುಗಿಯುತ್ತವೆ. ಮೊದಲ ಕರಡಿನಲ್ಲಿ ಅವಳು ಏನನ್ನೂ ಮಾಡಿರಲಿಲ್ಲ, ಎಲ್ಲ ಅವಳ ಮೇಲೆ ಬಂದು ಬಿದ್ದಿತ್ತು ಅಷ್ಟೆ. ಗೋಳು ಅನಿಸುವುದು ಮುಖ್ಯವಾಗಿ ಇದರಿಂದಲೇ. ನಿಮ್ಮ ಕರಡಿನಲ್ಲಿ ಪ್ರತಿ ವಾಕ್ಯದ ಕ್ರಿಯಾಪದಕ್ಕೆ ಗೆರೆ ಎಳೆದು ನೋಡಿ. ‘ಸಿಗಲಿಲ್ಲ’, ‘ಆಗಲಿಲ್ಲ’, ‘ಅನುಭವಿಸಿದೆ’ ಇಂಥವೇ ಸಾಲಾಗಿ ಬಂದರೆ ಆ ಭಾಗವನ್ನು ಮತ್ತೆ ಬರೆಯಬೇಕು.

ಆ 41 ಅಂಕವನ್ನು ತೆಗೆದುಹಾಕು ಎಂದು ಅವಳ ಗೆಳೆಯರು ಹೇಳಿದ್ದರಂತೆ. ನಾನು ಬಿಡಲಿಲ್ಲ. ನಾಲ್ಕು ತಿಂಗಳು ಶಾಲೆ ತಪ್ಪಿಸಿಕೊಂಡ ಹುಡುಗಿಗೆ 95 ಬಂತು ಅಂದರೆ ಸಿನಿಮಾ ಆಗುತ್ತದೆ. 41ರಲ್ಲಿ ನಂಬಿಕೆ ಇದೆ. ಗೆಳತಿಯ ನೋಟ್‌ಬುಕ್ ಕೂಡ ಹಾಗೆಯೇ. ‘ಯಾರ ಸಹಾಯವೂ ಇಲ್ಲದೆ ಬಂದೆ’ ಎಂದು ಬರೆಯುವವರು ತುಂಬ. ಗೋಳು ಬಿಡಿ ಅಂದರೆ ಕೆಲವರು ಈ ಕಡೆಗೆ, ಜಂಬದ ಕಡೆಗೆ ವಾಲುತ್ತಾರೆ. ಅದೂ ನಿಜವಲ್ಲ.

ಒಂದು ಕಡೆ ಅವಳಿಗೂ ನನಗೂ ವಾದ ಆಯಿತು. ‘ಹಾಜರಿ ಪುಸ್ತಕವೇ ನನ್ನನ್ನು ಸಂಖ್ಯಾಶಾಸ್ತ್ರಕ್ಕೆ ಕರೆತಂದಿತು’ ಎಂದು ಬರೆದಿದ್ದಳು. ಓದಲು ಚೆಂದ. ಆದರೆ ಕೇಳಿದಾಗ ಗೊತ್ತಾದದ್ದು, ಬೇಕಾದ ಕಾಂಬಿನೇಷನ್ ಸಿಗದೆ ಸಂಖ್ಯಾಶಾಸ್ತ್ರ ಇದ್ದ ಕಾಂಬಿನೇಷನ್ ತೆಗೆದುಕೊಂಡಿದ್ದಳು. ಎರಡನೇ ವರ್ಷದಲ್ಲಿ ಸ್ಯಾಂಪಲ್ ಸರ್ವೆಯ ಪಾಠ ಬಂದಾಗ ರುಚಿ ಹತ್ತಿತ್ತು. ಗುಳೆ ಹೋದ ಮನೆಗೆ ಬೀಗ ಬಿದ್ದಿರುವಾಗ ಸರ್ವೆಯವರು ಬಂದರೆ ಆ ಮನೆಯ ಲೆಕ್ಕ ಏನಾಗುತ್ತದೆ ಎಂದು ಕ್ಲಾಸಿನಲ್ಲಿ ಕೇಳಿದ್ದಳಂತೆ. ಅದನ್ನೇ ಬರೆ ಅಂದೆ. ಕಷ್ಟಕ್ಕೂ ಗುರಿಗೂ ಹಾಗೆ ನೇರವಾಗಿ ಗಂಟು ಹಾಕಿದರೆ ಓದುವವರಿಗೆ ಅನುಮಾನ ಬರುತ್ತದೆ. ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಆ ಗಂಟು ಬಿಚ್ಚಿಕೊಳ್ಳುತ್ತದೆ.

ಸಂದರ್ಶನದ ಮಾತು ಬಂತಲ್ಲ. ಆಯ್ಕೆಯ ಮುಂದಿನ ಹಂತದಲ್ಲಿ ಪ್ರಬಂಧವನ್ನು ಮುಂದಿಟ್ಟುಕೊಂಡೇ ಪ್ರಶ್ನೆ ಕೇಳುವುದು ಸಾಮಾನ್ಯ. ಕೆಲವು ಟ್ರಸ್ಟ್‌ನವರು ಮನೆಗೂ ಬರುತ್ತಾರೆ. ‘ಒಪ್ಪೊತ್ತಿನ ಊಟ’ ಎಂದು ಬರೆದಿದ್ದು ಅಮ್ಮನ ಎದುರು ಬಂದರೆ ಅವಮಾನ ಯಾರಿಗೆ? ಹಗಲೆಲ್ಲ ದುಡಿದು ಅಡುಗೆ ಮಾಡಿ ಬಡಿಸಿದ ಅಮ್ಮನಿಗೆ. ‘ಅನಕ್ಷರಸ್ಥರು’ ಅನ್ನುವುದನ್ನೂ ಹೀಗೆಯೇ ನೋಡಬೇಕು. ಅವಳು ಕೊನೆಗೆ ಬರೆದದ್ದು, “ಅಮ್ಮ ಶಾಲೆಗೆ ಹೋಗಿಲ್ಲ. ನನ್ನ ಪಿಯುಸಿ ಅರ್ಜಿಯನ್ನು ನಾನೇ ತುಂಬಿದೆ, ಅಮ್ಮ ಹೆಬ್ಬೆಟ್ಟು ಒತ್ತಿದಳು” ಎಂದು. ಅದೇ ವಿಷಯ, ಯಾರನ್ನೂ ಕೆಳಗೆ ಮಾಡಿಲ್ಲ.

ಬರೆಯದೆ ಬಿಡುವ ಹಕ್ಕೂ ನಿಮಗಿದೆ. ಅಪ್ಪನ ಕುಡಿತ, ಮನೆಯ ಜಗಳ, ಮೈಮೇಲೆ ಬಿದ್ದ ಏಟು ಇವನ್ನೆಲ್ಲ ಟ್ರಸ್ಟ್‌ಗೆ ಒಪ್ಪಿಸಲೇಬೇಕೆಂದೇನಿಲ್ಲ. ಅಪರಿಚಿತರು ಎದುರು ಕೂತು ಅದರ ಬಗ್ಗೆ ಕೇಳಿದರೆ ಉತ್ತರಿಸಬಲ್ಲೆನಾ ಎಂದು ನೀವೇ ಯೋಚಿಸಿ. ಆಗುವುದಿಲ್ಲ ಅನಿಸಿದರೆ ಬಿಡಿ. ಆದರೆ ಅಂಕಪಟ್ಟಿಯಲ್ಲಿ ಕಾಣುವುದನ್ನು ಬಿಡಬೇಡಿ. ಇವಳು ಮೂರನೇ ಸೆಮಿಸ್ಟರ್‌ನಲ್ಲಿ ಒಂದು ಪೇಪರ್ ಫೇಲಾಗಿದ್ದಳು. ಅದಕ್ಕೆ ಎರಡೇ ವಾಕ್ಯ ಸಾಕಾಯಿತು: “ಆಗ ಸಂಜೆ ಜೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದೆ, ಓದಲು ಸಮಯ ಹೊಂದಿಸಿಕೊಳ್ಳಲಿಲ್ಲ. ಮುಂದಿನ ಸೆಮಿಸ್ಟರ್‌ನಲ್ಲಿ ಕೆಲಸವನ್ನು ಶನಿವಾರ, ಭಾನುವಾರಕ್ಕೆ ಬದಲಿಸಿಕೊಂಡು ಆ ಪೇಪರ್ ಪಾಸಾದೆ.”

ಕೊನೆಯ ಪ್ಯಾರಾವನ್ನು ಹೆಚ್ಚಿನವರು ‘ತಾವು ದಯಮಾಡಿ ಸಹಾಯಹಸ್ತ ಚಾಚಿದರೆ ಸದಾ ಋಣಿಯಾಗಿರುತ್ತೇನೆ’ ಎಂದು ಮುಗಿಸುತ್ತಾರೆ. ಅಲ್ಲಿ ದುಡ್ಡಿನ ಲೆಕ್ಕ ಬರಬೇಕು. ಫೀಸ್ ಸರ್ಕಾರಿ ಸ್ಕಾಲರ್‌ಶಿಪ್‌ನಲ್ಲಿ ಹೋಗುತ್ತದಾ, ಹಾಸ್ಟೆಲ್ ಸಿಕ್ಕಿದೆಯಾ, ಮನೆಯಿಂದ ಎಷ್ಟು ಬರುತ್ತದೆ, ಕೊರತೆ ಎಷ್ಟು. ಅವಳು ಬರೆದದ್ದು ಹೀಗೆ: “ಫೀಸ್ ಸರ್ಕಾರಿ ಸ್ಕಾಲರ್‌ಶಿಪ್‌ನಲ್ಲಿ ಬರುತ್ತದೆ, ಆದರೆ ಕಟ್ಟಿದ ಮೇಲೆ ಬರುತ್ತದೆ. ಮೆಸ್‌ಗೆ ತಿಂಗಳಿಗೆ 3,200 ರೂಪಾಯಿ ಬೇಕು. ಮನೆಯಿಂದ 1,500 ಕಳಿಸುತ್ತಾರೆ. ಉಳಿದದ್ದು ನಿಮ್ಮಿಂದ ಸಿಕ್ಕರೆ ವಾರಾಂತ್ಯದ ಕೆಲಸ ಬಿಟ್ಟು ಪ್ರಾಜೆಕ್ಟ್‌ಗೆ ಹಳ್ಳಿಗಳ ಸರ್ವೆಗೆ ಹೋಗುತ್ತೇನೆ.”