ಎರಡನೇ ಜಾಗದ ಕ್ರಿಯಾಪದ: ಜರ್ಮನ್ ಕಲಿಯುವ ಕನ್ನಡಿಗರಿಗೆ

ಹಾಸನದಲ್ಲಿ ನಾನು ಸಂಜೆ ಹೊತ್ತು ನಡೆಸುವ ಜರ್ಮನ್ ತರಗತಿಗೆ ಬರುವವರಲ್ಲಿ ಹೆಚ್ಚಿನವರು ನರ್ಸಿಂಗ್ ಓದಿದವರು. ಬೇಲೂರು, ಅರಸೀಕೆರೆ, ಸಕಲೇಶಪುರದ ಕಡೆಯವರು. ಜರ್ಮನಿಯಲ್ಲಿ ಪೂರ್ಣ ನರ್ಸ್ ಎಂದು ಮಾನ್ಯತೆ ಸಿಗಬೇಕಾದರೆ ಸಾಮಾನ್ಯವಾಗಿ ಬಿ2 ಮಟ್ಟದ ಭಾಷೆ ಬೇಕು. ಆ ಮಟ್ಟಕ್ಕೆ ಹೋಗುವ ದಾರಿಯಲ್ಲಿ ಇವರನ್ನು ಹೆಚ್ಚು ಕಾಡುವುದು ಪದಗಳಲ್ಲ, ಪದಗಳ ಸಾಲು.

"ಮೇಡಂ, ಇಂಗ್ಲಿಷ್ ತರಾನೇ ಅಲ್ವಾ? ಕರ್ತೃ, ಕ್ರಿಯೆ, ಕರ್ಮ?" ಎಂದು ಮೊದಲ ವಾರದಲ್ಲೇ ಯಾರಾದರೂ ಕೇಳುತ್ತಾರೆ. ಎಷ್ಟೋ ಕಡೆ ಹಾಗೇ ಹೇಳಿಕೊಡುತ್ತಾರೆ ಕೂಡ. ಕನ್ನಡಿಗರಿಗೆ ಹಾಗೆ ಕಲಿಸಲೇಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಯಾಕೆಂದು ಒಂದೇ ವಾಕ್ಯ ಹಿಡಿದು ತೋರಿಸುತ್ತೇನೆ.

ವಾರ್ಡಿನಲ್ಲಿ ಪಾಳಿ ಬದಲಾಗುವಾಗ ಹೇಳಬೇಕಾದ ಮಾತು: ಪೇಷೆಂಟು ಇವತ್ತು ಮಾತ್ರೆ ತಗೊಂಡಿದ್ದಾರೆ. ವಿದ್ಯಾರ್ಥಿನಿಯೊಬ್ಬರು ಇದನ್ನು ಜರ್ಮನ್‌ನಲ್ಲಿ ಹೀಗೆ ಬರೆದರು:

ಹೊಯ್ಟೆ ಡೀ ಪಾಟ್ಸಿಯೆಂಟಿನ್ ಹಾಟ್ ಗೆನೊಮನ್ ಡೀ ಟಾಬ್ಲೆಟೆ.

'ಹೊಯ್ಟೆ' ಅಂದರೆ ಇವತ್ತು. 'ಡೀ ಪಾಟ್ಸಿಯೆಂಟಿನ್' ಮಹಿಳಾ ರೋಗಿ, 'ಡೀ ಟಾಬ್ಲೆಟೆ' ಮಾತ್ರೆ. 'ಗೆನೊಮನ್' ತೆಗೆದುಕೊಂಡು ಎಂಬಂಥ ರೂಪ, 'ಹಾಟ್' ಅದಕ್ಕೆ ಸೇರುವ ಸಹಾಯಕ ಕ್ರಿಯಾಪದ. ಪದಗಳೆಲ್ಲ ಸರಿ, ಸಾಲು ಎರಡು ಕಡೆ ತಪ್ಪಿದೆ. ಈ ಎರಡೂ ತಪ್ಪು ಕನ್ನಡದಿಂದ ಬಂದವಲ್ಲ. 'ಇವತ್ತು, ರೋಗಿ, ಕ್ರಿಯೆ, ಮಾತ್ರೆ' ಎಂಬ ಈ ಓಟ ಇಂಗ್ಲಿಷಿನದು. ಕಲಿಯುವವರು ತಮ್ಮ ಭಾಷೆಯನ್ನು ಬದಿಗಿಟ್ಟು, ಕಷ್ಟಪಟ್ಟು ಕಲಿತ ಎರಡನೇ ಭಾಷೆಯ ಅಚ್ಚಿನಲ್ಲಿ ಮೂರನೆಯದನ್ನು ಎರಕ ಹೊಯ್ದಿದ್ದಾರೆ.

ಈಗ ಕನ್ನಡದ ಸಾಲನ್ನೇ ಇಟ್ಟುಕೊಂಡು ಜರ್ಮನ್ ಪದಗಳನ್ನು ಜೋಡಿಸಿ ನೋಡಿ:

ಡೀ ಪಾಟ್ಸಿಯೆಂಟಿನ್ ಹೊಯ್ಟೆ ಡೀ ಟಾಬ್ಲೆಟೆ ಗೆನೊಮನ್ ಹಾಟ್.

ರೋಗಿ, ಇವತ್ತು, ಮಾತ್ರೆ, ತಗೊಂಡು, ಇದ್ದಾರೆ. ಇದು ಸ್ವತಂತ್ರ ವಾಕ್ಯವಾಗಿ ನಿಲ್ಲುವುದಿಲ್ಲ. ಆದರೆ ಇದರ ಮುಂದೆ 'ಏಕೆಂದರೆ' ಎಂಬ ಅರ್ಥದ 'ವೈಲ್' ಸೇರಿಸಿದರೆ, ಒಂದು ಪದವನ್ನೂ ಅಲ್ಲಾಡಿಸದೆ, ತಪ್ಪಿಲ್ಲದ ಜರ್ಮನ್ ಉಪವಾಕ್ಯ ಸಿಗುತ್ತದೆ. ಉಪವಾಕ್ಯದಲ್ಲಿ ಜರ್ಮನ್ ಕ್ರಿಯಾಪದ ಕನ್ನಡದ ಹಾಗೆ ಕೊನೆಗೇ ಹೋಗುತ್ತದೆ. ಸಹಾಯಕ ಕ್ರಿಯಾಪದ ಮುಖ್ಯ ಕ್ರಿಯೆಯ ಹಿಂದೆ ಬರುವುದೂ ನಮ್ಮ ಹಾಗೇ. 'ತೆಗೆದುಕೊಳ್ಳಬೇಕು' ಎನ್ನಲು ಅವರು ಅಲ್ಲಿ 'ನೇಮನ್ ಮುಸ್' ಎನ್ನುತ್ತಾರೆ: ಮೊದಲು ತೆಗೆದುಕೊಳ್ಳುವುದು, ಆಮೇಲೆ ಬೇಕು. ಇಂಗ್ಲಿಷ್ ಮಾತೃಭಾಷೆಯವರು ಈ ಸಾಲಿಗೆ ತಿಂಗಳುಗಟ್ಟಲೆ ಒದ್ದಾಡುವುದುಂಟು. ನಮ್ಮವರಿಗೆ ಇದು ಹುಟ್ಟಿನಿಂದ ಬಂದಿರುವ ಸಾಲು.

ಹಾಗಾದರೆ ಸ್ವತಂತ್ರ ವಾಕ್ಯ ಹೇಗೆ ಮಾಡುವುದು? ಕೆಲಸ ಒಂದೇ. ಕೊನೆಯಲ್ಲಿರುವ, ಕರ್ತೃವಿಗೆ ತಕ್ಕಂತೆ ರೂಪ ಬದಲಿಸುವ ಕ್ರಿಯಾಪದ ಒಂದನ್ನು ಮಾತ್ರ ಎತ್ತಿ ಎರಡನೇ ಜಾಗಕ್ಕೆ ತರಬೇಕು. ಇಲ್ಲಿ ಅದು 'ಹಾಟ್'. ಮಿಕ್ಕದ್ದೆಲ್ಲ ಇದ್ದಲ್ಲೇ ಇರಲಿ:

ಡೀ ಪಾಟ್ಸಿಯೆಂಟಿನ್ ಹಾಟ್ ಹೊಯ್ಟೆ ಡೀ ಟಾಬ್ಲೆಟೆ ಗೆನೊಮನ್.

'ಗೆನೊಮನ್' ಕೊನೆಯಲ್ಲೇ ಉಳಿಯಿತು. 'ಬೇಕು' ಇರುವ ವಾಕ್ಯದಲ್ಲಿ 'ಮುಸ್' ಮುಂದೆ ಬರುತ್ತದೆ, 'ನೇಮನ್' ಕೊನೆಯಲ್ಲಿ ಉಳಿಯುತ್ತದೆ. ಜರ್ಮನ್ ವಾಕ್ಯ ಎರಡು ತುದಿಯಲ್ಲಿ ಕ್ರಿಯೆ ಹಂಚಿಕೊಂಡಂತೆ ಕಾಣುವುದು ಇದಕ್ಕೇ. ಇಂಗ್ಲಿಷಿನಿಂದ ಹೊರಟವರಿಗೆ ಕ್ರಿಯೆಯ ಅರ್ಧ ಭಾಗ ಯಾಕೆ ಕೊನೆಗೆ ಓಡಿತು ಎಂಬ ಪ್ರಶ್ನೆ. ಕನ್ನಡದಿಂದ ಹೊರಟರೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ಅದು ಎಲ್ಲಿಗೂ ಓಡಿಲ್ಲ, ಅದರ ಜೊತೆಗಿದ್ದದ್ದು ಮುಂದೆ ಬಂದಿದೆ.

ಇನ್ನು 'ಎರಡನೇ ಜಾಗ' ಅಂದರೆ ಎರಡನೇ ಪದವಲ್ಲ. ಇದನ್ನು ನಿಧಾನವಾಗಿ ತಿಳಿದುಕೊಳ್ಳಬೇಕು. ಮೊದಲ ಜಾಗದಲ್ಲಿ ರೋಗಿಯೇ ಇರಬೇಕೆಂದಿಲ್ಲ. ಇವತ್ತು, ಮಾತ್ರೆ, ತಿಂಡಿಯಾದ ಮೇಲೆ, ಹೀಗೆ ಯಾವುದಾದರೂ ಒಂದು ಘಟಕ ಅಲ್ಲಿ ಕೂರಬಹುದು. ಕನ್ನಡದಲ್ಲಿ ನಾವು ಸಮಯದಿಂದ ಮಾತು ಶುರುಮಾಡುವುದು ಹೆಚ್ಚು, ಅದನ್ನು ಬಿಡಬೇಕಾಗಿಲ್ಲ. ಆದರೆ ಸಮಯ ಮೊದಲ ಜಾಗ ಹಿಡಿದರೆ ಕರ್ತೃ ಕ್ರಿಯಾಪದದ ಹಿಂದಕ್ಕೆ ಸರಿಯಬೇಕು:

ಹೊಯ್ಟೆ ಹಾಟ್ ಡೀ ಪಾಟ್ಸಿಯೆಂಟಿನ್ ಡೀ ಟಾಬ್ಲೆಟೆ ಗೆನೊಮನ್.

ವಿದ್ಯಾರ್ಥಿನಿ ಬರೆದದ್ದರಲ್ಲಿ 'ಹೊಯ್ಟೆ', 'ಡೀ ಪಾಟ್ಸಿಯೆಂಟಿನ್' ಎರಡೂ ಕ್ರಿಯಾಪದದ ಮುಂದೆ ಕೂತು 'ಹಾಟ್' ಮೂರನೇ ಜಾಗಕ್ಕೆ ಬಿದ್ದಿತ್ತು. ಈ ತಪ್ಪು ಹಿಡಿಯಲು ನಾನು ಹೇಳಿಕೊಡುವ ಉಪಾಯ ಇಷ್ಟು: ಬರೆದ ವಾಕ್ಯದಲ್ಲಿ ಆ ಕ್ರಿಯಾಪದದ ಅಡಿಗೆ ಗೆರೆ ಎಳೆಯಿರಿ. ಅದರ ಎಡಕ್ಕಿರುವುದೆಲ್ಲ ಒಂದೇ ಪ್ರಶ್ನೆಗೆ ಉತ್ತರವೇ ಎಂದು ಕೇಳಿಕೊಳ್ಳಿ. 'ತಿಂಡಿಯಾದ ಮೇಲೆ' ಎನ್ನುವ 'ನಾಖ್ ಡೇಮ್ ಫ್ರ್ಯೂಶ್ಟ್ಯುಕ್' ಮೂರು ಪದ, ಆದರೂ 'ಯಾವಾಗ?' ಎಂಬ ಒಂದೇ ಪ್ರಶ್ನೆಗೆ ಉತ್ತರ, ಆದ್ದರಿಂದ ಒಂದೇ ಜಾಗ. 'ಯಾವಾಗ?', 'ಯಾರು?' ಎರಡಕ್ಕೂ ಎಡಗಡೆಯೇ ಉತ್ತರ ಸಿಕ್ಕಿದರೆ ವಾಕ್ಯ ತಪ್ಪಿದೆ. 'ಮತ್ತು', 'ಆದರೆ' ಎಂಬ ಅರ್ಥದ 'ಉಂಟ್', 'ಆಬರ್' ಮಾತ್ರ ಲೆಕ್ಕಕ್ಕಿಲ್ಲ.

ಉಪವಾಕ್ಯವೊಂದು ಇಡಿಯಾಗಿ ಮೊದಲ ಜಾಗಕ್ಕೆ ಬಂದಾಗಲೂ ಈ ಪರೀಕ್ಷೆ ಕೈಬಿಡುವುದಿಲ್ಲ. 'ನೋವಿದ್ದರೆ ರೋಗಿ ಮಾತ್ರೆ ತಗೋತಾರೆ' ಎನ್ನಲು:

ವೆನ್ ಡೀ ಪಾಟ್ಸಿಯೆಂಟಿನ್ ಶ್ಮೆರ್ಟ್ಸನ್ ಹಾಟ್, ನಿಮ್ಟ್ ಝೀ ಡೀ ಟಾಬ್ಲೆಟೆ.

ಅಲ್ಪವಿರಾಮದ ಆಚೀಚೆ ಎರಡು ಕ್ರಿಯಾಪದ ಒಂದಕ್ಕೊಂದು ತಾಗಿ ನಿಂತಿವೆ. ಕಲಿಯುವವರಿಗೆ ಇದನ್ನು ಕಂಡರೆ ಏನೋ ತಪ್ಪಾಗಿದೆ ಎನಿಸಿ, ನಡುವೆ 'ಝೀ' (ಅವರು) ತುರುಕುತ್ತಾರೆ. 'ನೋವಿದ್ದರೆ' ಎಂಬುದು ಒಂದೇ ಪ್ರಶ್ನೆಗೆ ಉತ್ತರ, ಹಾಗಾಗಿ ಅದು ಮೊದಲ ಜಾಗ. ತಕ್ಷಣ ಎರಡನೆಯದು ಬರಬೇಕು.

ಕನ್ನಡದ ಸಾಲು ಕೈಕೊಡುವ ಜಾಗಗಳೂ ಇವೆ. ನಮ್ಮ '-ರೆ', '-ದ್ದರಿಂದ' ಕ್ರಿಯಾಪದದ ಬಾಲಕ್ಕೆ ಅಂಟುತ್ತವೆ, ಅವರ 'ವೆನ್', 'ವೈಲ್' ಉಪವಾಕ್ಯದ ತಲೆಯಲ್ಲಿ ನಿಲ್ಲುತ್ತವೆ. ಹಾಗಾಗಿ ಬಾಯಿ ತೆರೆಯುವ ಮೊದಲೇ, ಹೇಳಹೊರಟದ್ದು ಕಾರಣವೋ ಷರತ್ತೋ ಎಂದು ತೀರ್ಮಾನಿಸಿರಬೇಕು. ಕನ್ನಡದಲ್ಲಿ ಅದನ್ನು ಕೊನೆಯವರೆಗೂ ತಡೆಹಿಡಿಯಬಹುದು. ಮಾತಾಡುವಾಗ ನಮ್ಮವರು ತಡವರಿಸುವುದು ಹೆಚ್ಚಾಗಿ ಇಲ್ಲೇ. ಹಾಗೆಯೇ 'ನಿನ್ನೆ ಬಂದ ಪೇಷೆಂಟು' ಎಂಬಲ್ಲಿ ನಮ್ಮ ವಿವರಣೆ ನಾಮಪದದ ಮುಂದೆ ಬರುತ್ತದೆ. ಜರ್ಮನ್ ಮಾತಿನಲ್ಲಿ ಸಾಮಾನ್ಯವಾಗಿ ಮೊದಲು ಪೇಷೆಂಟು, ಆಮೇಲೆ ವಿವರಣೆಯ ಉಪವಾಕ್ಯ. ಆ ಉಪವಾಕ್ಯದೊಳಗೆ ಮಾತ್ರ ಮತ್ತೆ ಕ್ರಿಯಾಪದ ಕೊನೆಗೆ.

ಇನ್ನೊಂದು ವಿಷಯವನ್ನು ಹೊರಡುವ ಮೊದಲೇ ಹೇಳಿ ಕಳಿಸುತ್ತೇನೆ. ಜರ್ಮನ್ನರು ಆಡುಮಾತಿನಲ್ಲಿ 'ವೈಲ್' ಆದಮೇಲೆ ಒಮ್ಮೊಮ್ಮೆ ಕ್ರಿಯಾಪದವನ್ನು ಎರಡನೇ ಜಾಗದಲ್ಲೇ ಇಡುತ್ತಾರೆ. ಸಹೋದ್ಯೋಗಿಗಳ ಬಾಯಲ್ಲಿ ಅದು ಕೇಳಿಬಂದರೆ ತಾವು ಕಲಿತದ್ದು ಸುಳ್ಳೆಂದು ತಿಳಿಯಬಾರದು. ಪರೀಕ್ಷೆಯಲ್ಲೂ ರೋಗಿಯ ದಾಖಲೆಯಲ್ಲೂ ಬರೆಯುವಾಗ 'ವೈಲ್' ಬಂತೆಂದರೆ ಕ್ರಿಯಾಪದ ಕೊನೆಗೇ ಹೋಗಬೇಕು.